ಒಂಬತ್ತು ಮತ್ತು ಒಂಬತ್ತು ಸೇರಿದರೆ ಸೊನ್ನೆ

ಎರಡು ಬ್ಯಾಟರಿಗಳಿರುವ ಒಂದು ಸರ್ಕ್ಯೂಟಿನಲ್ಲಿ ಒಂದು ರೆಸಿಸ್ಟರ್ ಇದೆ. ಮೊದಲನೆಯ ಬ್ಯಾಟರಿಯೊಂದೇ ಕೆಲಸ ಮಾಡುವಾಗ ಅದರಲ್ಲಿ 9 ವ್ಯಾಟ್ ಶಾಖ ಹುಟ್ಟುತ್ತದೆ. ಬೆರಳು ಮುಟ್ಟಿಸಿದರೆ ಚುರುಕ್ಕೆನ್ನುವಷ್ಟು ಬಿಸಿ. ಎರಡನೆಯ ಬ್ಯಾಟರಿಯೊಂದೇ ಇದ್ದಾಗಲೂ ಸರಿಯಾಗಿ 9 ವ್ಯಾಟ್. ಇನ್ನು ಎರಡನ್ನೂ ಒಟ್ಟಿಗೆ ಜೋಡಿಸಿದರೆ? ಹದಿನೆಂಟು ಎಂದು ಬಾಯಿಗೆ ಬರುವುದು ಸಹಜ. ಆದರೆ ರೆಸಿಸ್ಟರ್ ತಣ್ಣಗಿರುತ್ತದೆ. ಅಲ್ಲಿ ಹುಟ್ಟುವ ಶಾಖ ಸೊನ್ನೆ.

ಇದರಲ್ಲಿ ಕಣ್ಕಟ್ಟೇನೂ ಇಲ್ಲ. ಡಿಪ್ಲೊಮಾ ಮತ್ತು ಬಿ.ಇ. ಮೊದಲ ವರ್ಷದ ವಿದ್ಯಾರ್ಥಿಗಳೆಲ್ಲ ಓದುವ ಸೂಪರ್‌ಪೊಸಿಷನ್ ಥಿಯರಮ್ ಇದನ್ನು ನಾಲ್ಕೈದು ಸಾಲಿನ ಲೆಕ್ಕದಲ್ಲಿ ಬಿಡಿಸುತ್ತದೆ. ಜರ್ಮನಿಯ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1853ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ತತ್ವವನ್ನು ವಿದ್ಯುತ್ ಪ್ರವಾಹಗಳಿಗೆ ಅನ್ವಯಿಸಿ ವಿವರಿಸಿದ್ದ. ಆಗ ಅವನು ಪಾಠ ಹೇಳುತ್ತಿದ್ದದ್ದು ಶರೀರಶಾಸ್ತ್ರವನ್ನು. ಪ್ರಾಣಿಗಳ ಸ್ನಾಯುಗಳಲ್ಲಿ ಕಾಣುವ ವಿದ್ಯುತ್ತನ್ನು ಅಳೆಯುವುದು ಹೇಗೆ ಎಂಬ ತಲೆಬಿಸಿ ಅವನನ್ನು ಇಲ್ಲಿಗೆ ತಂದಿತ್ತು. ಎಂಜಿನಿಯರುಗಳು ಇಂದು ತಮ್ಮದೇ ಎಂದುಕೊಂಡಿರುವ ಒಂದು ಸೂತ್ರದ ಬೇರು ಹೀಗೆ ಮಾಂಸಖಂಡದಲ್ಲಿದೆ.

ಸರ್ಕ್ಯೂಟನ್ನು ಕಣ್ಣಮುಂದೆ ತಂದುಕೊಳ್ಳಲು ಚಿತ್ರ ಬೇಕಿಲ್ಲ. ಮೇಲೊಂದು, ಕೆಳಗೊಂದು ಅಡ್ಡ ತಂತಿ. ಎರಡರ ನಡುವೆ ಲಂಬವಾಗಿ ಮೂರು ಕವಲುಗಳು. ಎಡಗವಲಿನಲ್ಲಿ 12 ವೋಲ್ಟ್ ಬ್ಯಾಟರಿ, ಅದರ ಜತೆಗೆ ಸಾಲಾಗಿ 2 ಓಮ್ ರೆಸಿಸ್ಟರ್. ಬಲಗವಲಿನಲ್ಲಿ 8 ವೋಲ್ಟ್ ಬ್ಯಾಟರಿ, ಅದರ ಜತೆಗೆ 4 ಓಮ್. ನಡುಗವಲಿನಲ್ಲಿ ಬ್ಯಾಟರಿ ಇಲ್ಲ, 4 ಓಮ್‌ನ ರೆಸಿಸ್ಟರ್ ಮಾತ್ರ. ಎರಡೂ ಬ್ಯಾಟರಿಗಳ ಪ್ಲಸ್ ತುದಿ ಮೇಲಿನ ತಂತಿಯ ಕಡೆಗಿದೆ. ಅಂದರೆ ನಡುಗವಲಿನ ರೆಸಿಸ್ಟರ್‌ಗೆ ಎರಡು ಕಡೆಯಿಂದಲೂ ಪೂರೈಕೆ. ಅದರಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ ಎಂಬುದು ಪ್ರಶ್ನೆ.

ಎರಡು ಬ್ಯಾಟರಿಗಳ ಎಳೆದಾಟವನ್ನು ಒಂದೇ ಸಲಕ್ಕೆ ಬಿಡಿಸುವ ಬದಲು ಒಂದೊಂದಾಗಿ ನೋಡಿ, ಕೊನೆಗೆ ಕೂಡಿಸಿದರೆ ಸಾಕು ಎನ್ನುತ್ತದೆ ಥಿಯರಮ್. ಮೊದಲು 8 ವೋಲ್ಟಿನ ಬ್ಯಾಟರಿಯನ್ನು ಸುಮ್ಮನಾಗಿಸೋಣ. ಸುಮ್ಮನಾಗಿಸುವುದೆಂದರೆ ಅದರ ವೋಲ್ಟೇಜನ್ನು ಸೊನ್ನೆ ಮಾಡುವುದು. ಸೊನ್ನೆ ವೋಲ್ಟ್ ಕೊಡುವ, ಆದರೆ ಪ್ರವಾಹಕ್ಕೆ ಅಡ್ಡಿ ಮಾಡದ ವಸ್ತುವೆಂದರೆ ಬರೀ ತಂತಿ. ಹಾಗಾಗಿ ಬ್ಯಾಟರಿಯನ್ನು ಹೊರಗೆ ತೆಗೆದು ಅದರ ಜಾಗದಲ್ಲಿ ತಂತಿ ಹಾಕಬೇಕು. ಅದರ ಜತೆಗಿದ್ದ 4 ಓಮ್ ರೆಸಿಸ್ಟರ್ ಮಾತ್ರ ಇದ್ದಲ್ಲೇ ಇರಬೇಕು.

ಈಗ 12 ವೋಲ್ಟಿನ ಬ್ಯಾಟರಿಯ ಎದುರು 2 ಓಮ್, ಅದರಾಚೆ ಎರಡು 4 ಓಮ್‌ಗಳು ಸಮಾಂತರವಾಗಿ. ಸಮಾಂತರದಲ್ಲಿರುವ ಎರಡು 4 ಓಮ್ ಸೇರಿ 2 ಓಮ್‌ಗೆ ಸಮ. ಒಟ್ಟು 4 ಓಮ್. ಬ್ಯಾಟರಿಯಿಂದ 3 ಆಂಪಿಯರ್ ಹೊರಟು, ಮೇಲಿನ ತಂತಿಯಲ್ಲಿ ಸರಿಪಾಲಾಗಿ ಒಡೆಯುತ್ತದೆ. ನಡುಗವಲಿಗೆ 1.5 ಆಂಪಿಯರ್, ಬಲಗವಲಿಗೆ 1.5 ಆಂಪಿಯರ್. ಎರಡೂ ಕೆಳಮುಖವಾಗಿ.

ಮುಂದೆ 8 ವೋಲ್ಟಿನ ಸರದಿ. 12 ವೋಲ್ಟಿನ ಬ್ಯಾಟರಿಯ ಜಾಗದಲ್ಲಿ ತಂತಿ. ನಡುವಿನ 4 ಓಮ್ ಮತ್ತು ಎಡಗಡೆಯ 2 ಓಮ್ ಸಮಾಂತರವಾಗಿ ಸೇರಿ ಒಂದೂವರೆ ಓಮ್‌ಗಿಂತ ಸ್ವಲ್ಪ ಕಡಿಮೆ, ಲೆಕ್ಕಕ್ಕೆ ಮೂರರಲ್ಲಿ ನಾಲ್ಕು ಓಮ್ (4/3). ಬಲಗಡೆಯ 4 ಓಮ್ ಕೂಡಿದರೆ 16/3 ಓಮ್. ಹರಿಯುವುದು 1.5 ಆಂಪಿಯರ್. ಅದರಲ್ಲಿ 1 ಆಂಪಿಯರ್ ಕಡಿಮೆ ರೋಧದ ಎಡಗವಲಿಗೆ, ಉಳಿದ 0.5 ಆಂಪಿಯರ್ ನಡುಗವಲಿಗೆ ಹೋಗುತ್ತದೆ.

ನಡುಗವಲಿನ ಎರಡೂ ಪಾಲುಗಳು ಕೆಳಮುಖವೇ. ಕೂಡಿಸಿದರೆ 1.5 + 0.5 = 2 ಆಂಪಿಯರ್. ಲೆಕ್ಕ ಮುಗಿಯಿತು. ನಂಬಿಕೆ ಬಾರದವರು ತಾಳೆ ನೋಡಬಹುದು: 4 ಓಮ್‌ನಲ್ಲಿ 2 ಆಂಪಿಯರ್ ಹರಿದರೆ ಮೇಲಿನ ತಂತಿ ಕೆಳಗಿನದಕ್ಕಿಂತ 8 ವೋಲ್ಟ್ ಎತ್ತರದಲ್ಲಿದೆ. ಎಡಗಡೆ 12 ವೋಲ್ಟಿಗೂ ಈ 8ಕ್ಕೂ ಇರುವ 4 ವೋಲ್ಟ್ ವ್ಯತ್ಯಾಸ 2 ಓಮ್‌ನಲ್ಲಿ 2 ಆಂಪಿಯರ್ ಹರಿಸುತ್ತದೆ. ಬಂದದ್ದು ಎರಡು, ಹೋದದ್ದು ಎರಡು. ಸರಿಯಾಯಿತು.

ಹಾಗಾದರೆ ಬಲಗವಲು ಏನು ಮಾಡುತ್ತಿದೆ? ಅಲ್ಲಿ ಬ್ಯಾಟರಿಯೂ 8 ವೋಲ್ಟ್, ಮೇಲಿನ ತಂತಿಯೂ 8 ವೋಲ್ಟ್. ವ್ಯತ್ಯಾಸವಿಲ್ಲದ ಮೇಲೆ ಪ್ರವಾಹವೂ ಇಲ್ಲ. ಥಿಯರಮ್ಮಿನ ಮಾತಿನಲ್ಲಿ ಹೇಳುವುದಾದರೆ, 12 ವೋಲ್ಟಿನ ಬ್ಯಾಟರಿ ಬಲಗವಲಿನೊಳಕ್ಕೆ 1.5 ಆಂಪಿಯರನ್ನು ಕೆಳಮುಖವಾಗಿ ನೂಕುತ್ತದೆ, 8 ವೋಲ್ಟಿನದು 1.5 ಆಂಪಿಯರನ್ನು ಮೇಲ್ಮುಖವಾಗಿ ನೂಕುತ್ತದೆ. ಸಮಬಲದ ಎರಡು ತಂಡಗಳು ಹಗ್ಗ ಜಗ್ಗಿದ ಹಾಗೆ, ಹಗ್ಗ ಕದಲುವುದಿಲ್ಲ. ಮೊದಲಿಗೆ ಹೇಳಿದ ತಣ್ಣನೆಯ ರೆಸಿಸ್ಟರ್ ಇದೇ. ಒಂದೊಂದೇ ಬ್ಯಾಟರಿ ಇದ್ದಾಗ 1.5ರ ವರ್ಗವನ್ನು 4ರಿಂದ ಗುಣಿಸಿದರೆ ಬರುವ 9 ವ್ಯಾಟ್. ಎರಡೂ ಇದ್ದಾಗ ಸೊನ್ನೆ.

ಪ್ರಯೋಗಾಲಯದಲ್ಲಿ ಈ ಪಾಠ ಹಳಿ ತಪ್ಪುವುದು ಹೆಚ್ಚಾಗಿ ‘ಸುಮ್ಮನಾಗಿಸುವ’ ಹಂತದಲ್ಲಿ. ಬ್ಯಾಟರಿ ಬೇಡ ಎಂದರೆ ಅದರ ತಂತಿಯನ್ನು ಕಿತ್ತು ಬದಿಗಿಡುವುದು ಕೈಗೆ ಬಂದ ಅಭ್ಯಾಸ. ಕಿತ್ತಿಟ್ಟರೆ ಆ ಕವಲೇ ತೆರೆದುಕೊಳ್ಳುತ್ತದೆ, ಸರ್ಕ್ಯೂಟೇ ಬೇರೆಯಾಗುತ್ತದೆ. ನಮ್ಮ ಸರ್ಕ್ಯೂಟಿನಲ್ಲಿ ಬಲಗವಲನ್ನು ಕಿತ್ತರೆ 12 ವೋಲ್ಟಿಗೆ ಎದುರಾಗುವುದು 2 ಮತ್ತು 4, ಒಟ್ಟು 6 ಓಮ್. ನಡುಗವಲಿನಲ್ಲಿ 2 ಆಂಪಿಯರ್. ಎಡಗವಲನ್ನು ಕಿತ್ತರೆ 8 ವೋಲ್ಟಿಗೆ 8 ಓಮ್, 1 ಆಂಪಿಯರ್. ಕೂಡಿಸಿದರೆ 3. ಮೀಟರಿನಲ್ಲಿ ಕಾಣುವುದು 2. ಲೆಕ್ಕಕ್ಕೂ ಮೀಟರಿಗೂ ಹೀಗೆ ತಾಳ ತಪ್ಪಿದಾಗ ಥಿಯರಮ್ಮನ್ನು ಅನುಮಾನಿಸುವ ಮೊದಲು ಬ್ಯಾಟರಿಯ ಜಾಗದಲ್ಲಿ ತಂತಿ ಇದೆಯೇ ಎಂದು ನೋಡಬೇಕು. ಕಿತ್ತು ತೆಗೆಯುವುದು ಸರಿಯಾಗುವುದು ಮೂಲವು ಕರೆಂಟ್ ಸೋರ್ಸ್ ಆಗಿದ್ದಾಗ ಮಾತ್ರ. ಅದನ್ನು ಸೊನ್ನೆ ಮಾಡುವುದೆಂದರೆ ಪ್ರವಾಹವನ್ನೇ ನಿಲ್ಲಿಸುವುದು, ಅಂದರೆ ದಾರಿಯನ್ನು ತೆರೆದಿಡುವುದು.

ಇನ್ನೊಂದು ತಪ್ಪು ಕಣ್ಣಿಗೆ ಬೀಳುವುದು ಕಷ್ಟ. ಬ್ಯಾಟರಿಯ ಬದಲು ಮೇಜಿನ ಮೇಲಿನ ರೆಗ್ಯುಲೇಟೆಡ್ ಪವರ್ ಸಪ್ಲೈ ಬಳಸುವವರು ಅದರ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಮೂಲ ಸುಮ್ಮನಾಯಿತು ಎಂದುಕೊಳ್ಳುತ್ತಾರೆ. ಸಾಮಾನ್ಯ ಸಪ್ಲೈಗಳು ಪ್ರವಾಹವನ್ನು ಹೊರಗೆ ಕೊಡಬಲ್ಲವು, ತಮ್ಮ ಪ್ಲಸ್ ತುದಿಯಿಂದ ಒಳಗೆ ತೆಗೆದುಕೊಳ್ಳಲಾರವು. ನಮಗೆ ಬೇಕಾದ್ದು ಎರಡನೆಯದೇ: 12 ವೋಲ್ಟಿನ ಮೂಲದಿಂದ ಬಂದ 1.5 ಆಂಪಿಯರ್ ಆ ತುದಿಯೊಳಗೆ ಹೊಕ್ಕು ಹೊರಬರಬೇಕು. ಆದ್ದರಿಂದ ಸಪ್ಲೈಯನ್ನು ಪೂರ್ತಿ ಬಿಡಿಸಿ, ಅದಕ್ಕೆ ಸೇರಿದ್ದ ಎರಡು ತಂತಿಗಳನ್ನು ಒಂದಕ್ಕೊಂದು ಜೋಡಿಸುವುದೇ ಸರಿ. ಸಪ್ಲೈಯ ತುದಿಗಳನ್ನೇ ಶಾರ್ಟ್ ಮಾಡುವುದಂತೂ ಬೇಡವೇ ಬೇಡ.

ಪ್ರವಾಹಗಳನ್ನು ಹೀಗೆ ಬಿಡಿಬಿಡಿಯಾಗಿ ಕೂಡಿಸಲು ಸಾಧ್ಯವಾಗುವುದು ಏಕೆ? ನಡುಗವಲಿನ ಪ್ರವಾಹವನ್ನು ಬ್ಯಾಟರಿಗಳಿಗೆ ಸಂಖ್ಯೆ ಕೊಡದೆ ಬರೆದರೆ ಉತ್ತರ ಹೀಗಿರುತ್ತದೆ:

I = E1/8 + E2/16

ಎಡ ಬ್ಯಾಟರಿಯ ವೋಲ್ಟೇಜಿನ ಎಂಟನೇ ಒಂದು, ಬಲ ಬ್ಯಾಟರಿಯದರ ಹದಿನಾರನೇ ಒಂದು. 12 ಮತ್ತು 8 ಹಾಕಿದರೆ ಮತ್ತೆ 1.5 ಮತ್ತು 0.5. ಎರಡು ಪದಗಳು ಪಕ್ಕಪಕ್ಕದಲ್ಲಿ ಕೂತಿವೆ, ಒಂದರ ಸುದ್ದಿಗೆ ಇನ್ನೊಂದು ಹೋಗುವುದಿಲ್ಲ. ಯಾವ ವೋಲ್ಟೇಜಿಗೂ ವರ್ಗವಿಲ್ಲ, ಎರಡು ವೋಲ್ಟೇಜುಗಳು ಎಲ್ಲಿಯೂ ಗುಣಾಕಾರಗೊಂಡಿಲ್ಲ. ಓಮ್‌ನ ನಿಯಮದಲ್ಲಿ ವೋಲ್ಟೇಜ್ ದುಪ್ಪಟ್ಟಾದರೆ ಪ್ರವಾಹವೂ ದುಪ್ಪಟ್ಟು. ಕಿರ್ಕಾಫ್‌ನ ನಿಯಮಗಳಲ್ಲಿ ಇರುವುದು ಕೂಡುವ, ಕಳೆಯುವ ಕೆಲಸ ಮಾತ್ರ. ಇವೆರಡರಿಂದ ಹುಟ್ಟಿದ ಉತ್ತರ ಬೇರೆ ರೂಪದಲ್ಲಿ ಬರಲು ಸಾಧ್ಯವೇ ಇಲ್ಲ.

ಶಾಖದ ಲೆಕ್ಕ ಹಾಗಲ್ಲ. ಜೇಮ್ಸ್ ಜೌಲ್ 1840ರ ದಶಕದ ಆರಂಭದಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟಂತೆ, ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ನಡುಗವಲಿನಲ್ಲಿ ನಿಜವಾಗಿ ಹರಿಯುವುದು 2 ಆಂಪಿಯರ್; ಪವರ್ 2 × 2 × 4 = 16 ವ್ಯಾಟ್. ಇದನ್ನೇ ಬಿಡಿಬಿಡಿಯಾಗಿ ಮಾಡಿದರೆ 1.5 ಆಂಪಿಯರಿಗೆ 9 ವ್ಯಾಟ್, 0.5 ಆಂಪಿಯರಿಗೆ 1 ವ್ಯಾಟ್, ಒಟ್ಟು 10. ಆರು ವ್ಯಾಟ್ ಎಲ್ಲಿ ಹೋಯಿತು?

ಹೈಸ್ಕೂಲಿನ ಬೀಜಗಣಿತಕ್ಕೆ ಅದು ಗೊತ್ತು. a ಮತ್ತು b ಕೂಡಿಸಿ ವರ್ಗ ಮಾಡಿದರೆ a² ಮತ್ತು b² ಅಷ್ಟೇ ಬರುವುದಿಲ್ಲ, 2ab ಕೂಡ ಬರುತ್ತದೆ. ಇಲ್ಲಿ 2 × 1.5 × 0.5 = 1.5; ಅದನ್ನು 4 ಓಮ್‌ನಿಂದ ಗುಣಿಸಿದರೆ 6 ವ್ಯಾಟ್. ಈ ಆರು ವ್ಯಾಟ್ ಎಡ ಬ್ಯಾಟರಿಯ ಪಾಲೂ ಅಲ್ಲ, ಬಲ ಬ್ಯಾಟರಿಯ ಪಾಲೂ ಅಲ್ಲ. ಎರಡೂ ಏಕಕಾಲಕ್ಕೆ ಇದ್ದಾಗ ಮಾತ್ರ ಅದು ಇರುತ್ತದೆ. ಒಂದನ್ನು ಸುಮ್ಮನಾಗಿಸಿದ ಕ್ಷಣ a ಅಥವಾ b ಸೊನ್ನೆಯಾಗಿ 2ab ಮಾಯವಾಗುತ್ತದೆ. ಹಾಗಾಗಿ ಒಂದೊಂದೇ ಮೂಲವನ್ನು ಇಟ್ಟು ಎಷ್ಟು ಸಲ ಅಳೆದರೂ ಅದು ಕೈಗೆ ಸಿಗುವುದಿಲ್ಲ.

ಬಲಗವಲಿನಲ್ಲಿ ಇದೇ ಪದ ಋಣಾತ್ಮಕವಾಗುತ್ತದೆ. ಅಲ್ಲಿ ಎರಡು ಪ್ರವಾಹಗಳು ಎದುರುಬದುರು, ಒಂದು +1.5, ಇನ್ನೊಂದು −1.5. ಒಂಬತ್ತಕ್ಕೆ ಒಂಬತ್ತು ಕೂಡಿ ಹದಿನೆಂಟಾದರೆ, ನಡುವಿನ ಪದ −18. ಉಳಿದದ್ದು ಸೊನ್ನೆ.

ಈಗ 8 ವೋಲ್ಟಿನ ಬ್ಯಾಟರಿಯ ತುದಿಗಳನ್ನು ಅದಲು ಬದಲು ಮಾಡಿದರೆ ವಿಷಯ ಇನ್ನೂ ನಿಚ್ಚಳವಾಗುತ್ತದೆ. ನಡುಗವಲಿನಲ್ಲಿ ಅದರ 0.5 ಆಂಪಿಯರ್ ದಿಕ್ಕು ಬದಲಿಸುತ್ತದೆ; ನಿಜ ಪ್ರವಾಹ 1.5 − 0.5 = 1 ಆಂಪಿಯರ್, ಪವರ್ 4 ವ್ಯಾಟ್. ಬಿಡಿ ಲೆಕ್ಕ ಮಾತ್ರ ಮತ್ತೆ 10 ಎಂದೇ ಹಠ ಹಿಡಿಯುತ್ತದೆ, ಏಕೆಂದರೆ ವರ್ಗ ಮಾಡುವಾಗ ಮೈನಸ್ ಚಿಹ್ನೆ ಅಳಿಸಿಹೋಗುತ್ತದೆ. ಒಂದೇ ಹತ್ತು ಒಮ್ಮೆ ನಿಜದ ಹದಿನಾರಕ್ಕೆ, ಇನ್ನೊಮ್ಮೆ ನಿಜದ ನಾಲ್ಕಕ್ಕೆ ಉತ್ತರವಾಗಲು ಹೊರಟರೆ ಆ ವಿಧಾನವನ್ನು ನಂಬುವುದು ಹೇಗೆ? ಇತ್ತ ಬಲಗವಲಿನಲ್ಲಿ ಎರಡು 1.5ಗಳು ಒಂದೇ ದಿಕ್ಕಿಗೆ ತಿರುಗಿ 3 ಆಂಪಿಯರ್ ಆಗುತ್ತವೆ. ತಣ್ಣಗೆ ಕೂತಿದ್ದ ರೆಸಿಸ್ಟರ್ ಈಗ 36 ವ್ಯಾಟ್ ಕಾರುತ್ತದೆ.

‘ಈ ರೆಸಿಸ್ಟರಿನ ಶಾಖದಲ್ಲಿ 8 ವೋಲ್ಟಿನ ಬ್ಯಾಟರಿಯ ಪಾಲೆಷ್ಟು?’ ಎಂಬ ಪ್ರಶ್ನೆ ಕೇಳಲು ಚೆನ್ನಾಗಿದೆ, ಆದರೆ ಅದಕ್ಕೆ ಅರ್ಥವೇ ಇಲ್ಲ. ಮೊದಲ ಜೋಡಣೆಗೇ ಮರಳಿ ನೋಡಿದರೆ, 8 ವೋಲ್ಟಿನ ಬ್ಯಾಟರಿ ಒಂದು ಹನಿ ಪ್ರವಾಹವನ್ನೂ ಹೊರಗೆ ಕೊಡುತ್ತಿಲ್ಲ. ಅದು ಒದಗಿಸುವ ಪವರ್ ಸೊನ್ನೆ. ಎಲ್ಲವನ್ನೂ ಕೊಡುತ್ತಿರುವುದು 12 ವೋಲ್ಟಿನದು: 12 × 2 = 24 ವ್ಯಾಟ್. ಅದರಲ್ಲಿ 8 ಎಡ ರೆಸಿಸ್ಟರಿಗೆ, 16 ನಡುವಿನದಕ್ಕೆ. ಆದರೂ 8 ವೋಲ್ಟಿನದನ್ನು ತೆಗೆದು ತಂತಿ ಹಾಕಿದರೆ ನಡುಗವಲಿನ ಶಾಖ 16ರಿಂದ 9ಕ್ಕೆ ಇಳಿಯುತ್ತದೆ. ತಾನು ಏನೂ ಕೊಡದೆ, ಬೇರೆಯವರ ಪ್ರವಾಹ ತನ್ನ ಕವಲಿಗೆ ಸೋರದಂತೆ ತಡೆದು ನಿಂತದ್ದಷ್ಟೇ ಆ ಬ್ಯಾಟರಿಯ ಕೆಲಸ. ಇಂಥದ್ದಕ್ಕೆ ವ್ಯಾಟ್‌ಗಳಲ್ಲಿ ಪಾಲು ಹಂಚುವುದು ಹೇಗೆ?

ಬಿಡಿ ಲೆಕ್ಕದ ಪವರನ್ನು ಇಡೀ ಸರ್ಕ್ಯೂಟಿಗೆ ಕೂಡಿಸಿದರೂ ಇದೇ ಗೋಳು. 12 ವೋಲ್ಟ್ ಒಂದೇ ಇದ್ದಾಗ ಅದು ಕೊಡುವುದು 36 ವ್ಯಾಟ್, 8 ವೋಲ್ಟ್ ಒಂದೇ ಇದ್ದಾಗ 12 ವ್ಯಾಟ್. ಮೊತ್ತ 48. ನಿಜ 24. ಇದರಲ್ಲಿ ಕೈಯಿಂದ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆಯೂ ಇದೆ. ಪೂರ್ತಿ ಸರ್ಕ್ಯೂಟಿನಲ್ಲಿ ಎಡ ರೆಸಿಸ್ಟರ್ ತಡೆದುಕೊಳ್ಳಬೇಕಾದ್ದು 8 ವ್ಯಾಟ್ ಮಾತ್ರ ಎಂದು 10 ವ್ಯಾಟಿನದನ್ನು ತಂದು ಹಾಕಿದವರು, ಥಿಯರಮ್ ಪರೀಕ್ಷಿಸಲು 8 ವೋಲ್ಟಿನ ಜಾಗದಲ್ಲಿ ತಂತಿ ಹಾಕಿದ ಕೂಡಲೇ ಅದೇ ರೆಸಿಸ್ಟರಿನಲ್ಲಿ 3 ಆಂಪಿಯರ್ ಹರಿದು 18 ವ್ಯಾಟ್ ಆಗುತ್ತದೆ. ಸುಟ್ಟ ವಾಸನೆ ಬಂದ ಮೇಲೆ ಕಾರಣ ಹುಡುಕಬೇಕಾಗುತ್ತದೆ.

ಹತ್ತು ವ್ಯಾಟ್ ಸರಿಯಾದ ಉತ್ತರವಾಗುವ ಸಂದರ್ಭವೂ ಇದೆ ಎಂಬುದು ಈ ಕತೆಯ ಸ್ವಾರಸ್ಯ. 8 ವೋಲ್ಟಿನ ಬ್ಯಾಟರಿಯ ಬದಲು ಅಲ್ಲಿ 50 ಹರ್ಟ್ಸ್‌ನ, 8 ವೋಲ್ಟಿನ ಎ.ಸಿ. ಮೂಲ ಇಟ್ಟರೆ ಅದರ ಅರ್ಧ ಆಂಪಿಯರ್ ಪ್ರವಾಹ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ. 12 ವೋಲ್ಟಿನ ಡಿ.ಸಿ. ಜತೆ ಸ್ವಲ್ಪ ಹೊತ್ತು ಒಂದೇ ದಿಕ್ಕು, ಸ್ವಲ್ಪ ಹೊತ್ತು ವಿರುದ್ಧ ದಿಕ್ಕು. 2ab ಎಂಬ ಪದ ಒಮ್ಮೆ ಧನ, ಒಮ್ಮೆ ಋಣ ಆಗುತ್ತ ಸರಾಸರಿಯಲ್ಲಿ ಸೊನ್ನೆಗೆ ಬರುತ್ತದೆ. ಕ್ಷಣಕ್ಷಣದ ಪವರ್ ಏರಿಳಿಯುತ್ತಲೇ ಇದ್ದರೂ ಸರಾಸರಿ ಸರಿಯಾಗಿ 9 + 1 = 10 ವ್ಯಾಟ್. ಎರಡು ಬೇರೆ ಬೇರೆ ಆವರ್ತನದ ಎ.ಸಿ. ಮೂಲಗಳಿಗೂ ಇದೇ ಮಾತು. ಆವರ್ತನ ಒಂದೇ ಆಗಿದ್ದರೆ ಮಾತ್ರ ಮತ್ತೆ ಹಳೆಯ ಸಮಸ್ಯೆ: ಎರಡರ ಏರಿಳಿತ ಒಟ್ಟೊಟ್ಟಿಗೆ ನಡೆದರೆ 16, ಪೂರ್ತಿ ವಿರುದ್ಧವಾಗಿ ನಡೆದರೆ 4, ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು.

ಪವರಿಗೆ ಮಾತ್ರವಲ್ಲ, ಪ್ರವಾಹಕ್ಕೇ ಈ ಥಿಯರಮ್ ಕೈಕೊಡುವ ಜಾಗಗಳಿವೆ. ಕೆಂಪು ಎಲ್‌ಇಡಿಗೆ ಒಂದು ರೆಸಿಸ್ಟರ್ ಸೇರಿಸಿ ಒಂದೂವರೆ ವೋಲ್ಟಿನ ಒಂದೇ ಸೆಲ್ ಕೊಟ್ಟರೆ ಅದು ಬೆಳಗುವುದಿಲ್ಲ. ಎರಡನೆಯ ಸೆಲ್ ಒಂದನ್ನೇ ಕೊಟ್ಟರೂ ಇಲ್ಲ. ಎರಡನ್ನೂ ಸಾಲಾಗಿ ಜೋಡಿಸಿ 3 ವೋಲ್ಟ್ ಮಾಡಿದರೆ ಬೆಳಗುತ್ತದೆ. ಹೆಚ್ಚುಕಡಿಮೆ ಸೊನ್ನೆಗೆ ಸೊನ್ನೆ ಕೂಡಿಸಿದರೆ ಬೆಳಕು ಬರುವುದುಂಟೆ? ಎಲ್‌ಇಡಿ ಓಮ್‌ನ ನಿಯಮವನ್ನು ಪಾಲಿಸುವ ವಸ್ತುವಲ್ಲ, ಅಷ್ಟೇ. ಡಯೋಡ್, ಬಿಸಿಯಾದಂತೆ ರೋಧ ಹೆಚ್ಚುವ ಹಳೆಯ ಫಿಲಮೆಂಟ್ ಬಲ್ಬು ಇದೇ ಗುಂಪಿನವು. ಸರ್ಕ್ಯೂಟಿನಲ್ಲಿ ಇವುಗಳಲ್ಲಿ ಒಂದಿದ್ದರೂ ಬಿಡಿಸಿ ಕೂಡಿಸುವ ದಾರಿ ಮುಚ್ಚಿದಂತೆ.

ತಣ್ಣನೆಯ ರೆಸಿಸ್ಟರನ್ನು ಮನೆಯಲ್ಲೇ ನೋಡಬೇಕೆನ್ನುವವರಿಗೆ ವ್ಯಾಟ್‌ಗಟ್ಟಲೆ ಶಾಖ ಬೇಕಿಲ್ಲ. ಒಂದು 9 ವೋಲ್ಟಿನ ಬ್ಯಾಟರಿ, ಸಾಲಾಗಿ ಜೋಡಿಸಿದ ನಾಲ್ಕು ಎಎ ಸೆಲ್‌ಗಳು (6 ವೋಲ್ಟ್), ಕಾಲು ವ್ಯಾಟಿನ ಐದು 1 ಕಿಲೋಓಮ್ ರೆಸಿಸ್ಟರ್, ಒಂದು ಮಲ್ಟಿಮೀಟರ್ ಸಾಕು. 9 ವೋಲ್ಟಿನ ಜತೆ ಒಂದು ರೆಸಿಸ್ಟರ್, 6 ವೋಲ್ಟಿನ ಜತೆ ಎರಡು, ನಡುಗವಲಿನಲ್ಲಿ ಎರಡು. ಒಂದೊಂದೇ ಮೂಲ ಇಟ್ಟು, ಇನ್ನೊಂದರ ಜಾಗದಲ್ಲಿ ತಂತಿ ಹಾಕಿ ಅಳೆದರೆ ನಡುಗವಲಿನಲ್ಲಿ 2.25 ಮತ್ತು 0.75 ಮಿಲಿಆಂಪಿಯರ್ ಆಸುಪಾಸು ಕಾಣುತ್ತದೆ. ಎರಡೂ ಇದ್ದಾಗ 3. ಮೀಟರನ್ನು 6 ವೋಲ್ಟಿನ ಕವಲಿಗೆ ಒಯ್ದರೆ ಒಂದೊಂದಕ್ಕೂ 2.25, ಎರಡೂ ಇದ್ದಾಗ ಸೊನ್ನೆಗೆ ತೀರ ಹತ್ತಿರ. ಹೊಸ ಸೆಲ್‌ಗಳ ವೋಲ್ಟೇಜ್ ಮೇಲೆ ಬರೆದದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರುವುದರಿಂದ ಕೊನೆಯ ಅಂಕೆಗಳು ಪೂರ್ತಿ ಸೊನ್ನೆಯಾಗದೆ ಇರಬಹುದು. ಪ್ರತಿ ಸಲವೂ ಪ್ರವಾಹದ ದಿಕ್ಕನ್ನು ಚಿಹ್ನೆ ಸಮೇತ ಬರೆದುಕೊಳ್ಳಿ, ಎಲ್ಲವನ್ನೂ ಕೂಡಿಸಿದ ಮೇಲೆ ಒಂದೇ ಸಲ ವರ್ಗ ಮಾಡಿ ಪವರ್ ಕಂಡುಹಿಡಿಯಿರಿ.